ಟಿವಿಯಲ್ಲಿ ಚಿತ್ರ ಇದೆ, ದನಿ ಇಲ್ಲ: ಬೋರ್ಡ್ ಬಿಚ್ಚಿಸಬೇಡಿ

ಹೊಸ 55 ಇಂಚಿನ ಟಿವಿ ತಗೊಂಡು ಎರಡು ತಿಂಗಳಾಯ್ತು. ಪೆನ್‌ಡ್ರೈವ್‌ನಲ್ಲಿ ಸಿನಿಮಾ ಹಾಕಿದ್ರೆ ಚಿತ್ರ ಚೆನ್ನಾಗಿ ಬರುತ್ತೆ, ದನಿ ಮಾತ್ರ ಇಲ್ಲ. ಆಡಿಯೋ ಕೋಡೆಕ್ ಸಪೋರ್ಟ್ ಇಲ್ಲ ಅಂತ ಏನೋ ಬಂದು ಹೋಗುತ್ತೆ. ಅದೇ ಫೈಲ್ ಹಳೇ ಟಿವಿಯಲ್ಲೂ ಲ್ಯಾಪ್‌ಟಾಪ್‌ನಲ್ಲೂ ಸರಿಯಾಗಿ ಓಡುತ್ತೆ. ರಿಪೇರಿಯವರು ಬೋರ್ಡ್ ಹೋಗಿದೆ, 6,500 ಆಗುತ್ತೆ ಅಂದ್ರು. ಹಾಕಿಸ್ಲಾ ಸರ್?

ಬೇಡ. ಚಾನೆಲ್ ಹಾಕಿದರೆ, ಯೂಟ್ಯೂಬ್ ಹಾಕಿದರೆ ದನಿ ಬರುತ್ತದೆ ಅಲ್ವಾ? ಹಾಗಿದ್ದರೆ ಸ್ಪೀಕರೂ ಸರಿ ಇದೆ, ಬೋರ್ಡೂ ಸರಿ ಇದೆ. ಕಾರಣ ಏನು ಅಂತ ಟಿವಿಯೇ ಪರದೆ ಮೇಲೆ ಬರೆದು ತೋರಿಸಿದ ಮೇಲೂ ಬೋರ್ಡ್ ಬದಲಿಸಿ ಅನ್ನುವವರಿಗೆ ಓದಲು ಬರುವುದಿಲ್ಲ, ಇಲ್ಲ ಓದುವ ಮನಸ್ಸಿಲ್ಲ. ಅದೂ ಹೋಗಲಿ, ಎರಡು ತಿಂಗಳ ಟಿವಿ, ವಾರಂಟಿಯಲ್ಲಿ ಇರುವಾಗ ಹೊರಗಿನವರನ್ನು ಯಾಕೆ ಕರೆದಿರಿ? ಅವರು ಒಮ್ಮೆ ಹಿಂದಿನ ಮುಚ್ಚಳ ತೆಗೆದರೆ ಮುಂದೆ ಕಂಪನಿಯವರು ತಕರಾರು ಮಾಡಬಹುದು.

ನಿಮ್ಮ ಫೈಲಿನಲ್ಲಿ ಇರುವುದು ಬಹುತೇಕ ಡಿಟಿಎಸ್ ಅನ್ನುವ ಬಗೆಯ ದನಿ. ಇಂಥ ಸಿನಿಮಾ ಫೈಲಿನ ಹೆಸರಿನ ಕೊನೆಯಲ್ಲಿ ಕಾಣುವ ಎಂಕೆವಿ ಅನ್ನುವುದು ಊಟದ ಕ್ಯಾರಿಯರ್ ಇದ್ದ ಹಾಗೆ. ಒಂದು ಡಬ್ಬಿಯಲ್ಲಿ ಚಿತ್ರ, ಇನ್ನೊಂದರಲ್ಲಿ ದನಿ, ಮತ್ತೊಂದರಲ್ಲಿ ಸಬ್‌ಟೈಟಲ್. ಟಿವಿ ಚಿತ್ರದ ಡಬ್ಬಿ ತೆರೆಯಿತು. ದನಿಯ ಡಬ್ಬಿ ತೆರೆಯುವ ಡಿಕೋಡರ್ ಅದರಲ್ಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ನೀವು ನೋಡುತ್ತಿರುವುದು ವಿಎಲ್‌ಸಿಯಲ್ಲಾದರೆ, ಅದು ತನ್ನ ಡಿಕೋಡರನ್ನು ತಾನೇ ಹೊತ್ತು ತರುತ್ತದೆ.

ಹಳೇ ಟಿವಿಯಲ್ಲಿ ಓಡುವುದು ಹೊಸದರಲ್ಲಿ ಯಾಕಿಲ್ಲ ಅಂತ ಎಲ್ಲರಿಗೂ ಸಿಟ್ಟು. ನ್ಯಾಯವಾದ ಸಿಟ್ಟೇ. ಡಿಟಿಎಸ್ ಡಿಕೋಡರ್ ಇಡಲು ಟಿವಿ ಕಂಪನಿ ಲೈಸೆನ್ಸ್ ಹಣ ಕೊಡಬೇಕು. ಈಗ ಜನ ಜಾಸ್ತಿ ನೋಡುವುದು ಓಟಿಟಿ, ಅಲ್ಲಿ ಡಿಟಿಎಸ್ ಅಷ್ಟಾಗಿ ಬಳಕೆಯಲ್ಲಿಲ್ಲ. ಸ್ಯಾಮ್‌ಸಂಗ್ 2018ರ ಮಾಡೆಲ್‌ಗಳಿಂದ ಅದನ್ನು ಕೈಬಿಟ್ಟಿತು. ಎಲ್‌ಜಿ 2020ರಲ್ಲಿ ಬಿಟ್ಟು, 2023ರಲ್ಲಿ ಕೆಲವು ಮಾಡೆಲ್‌ಗಳಿಗೆ ಮಾತ್ರ ಮತ್ತೆ ತಂದಿತು. ಹೀಗಾಗಿ 2015ರ ಟಿವಿ ಓಡಿಸುವ ಫೈಲನ್ನು ಅದಕ್ಕಿಂತ ದುಬಾರಿಯ ಹೊಸ ಟಿವಿ ಓಡಿಸದೆ ಇರುವುದರಲ್ಲಿ ಆಶ್ಚರ್ಯ ಇಲ್ಲ.

ಆದರೂ ನನ್ನ ಮಾತು ನಂಬಿ ಕೂರಬೇಡಿ, ನೋಡಿ ಖಚಿತ ಮಾಡಿಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ವಿಎಲ್‌ಸಿ ತೆರೆದು ಫೈಲ್ ಓಡಿಸಿ, `Tools` ಮೆನುವಿನಲ್ಲಿ `Codec Information` ಒತ್ತಿ. ದನಿಯ ಸಾಲಿನಲ್ಲಿ `DTS Audio` ಅಂತ ಇದ್ದರೆ ಕಳ್ಳ ಸಿಕ್ಕಿದ. `A52 Audio` ಅಂತ ಕಂಡರೆ ಗಾಬರಿ ಬೇಡ, ಅದು ಎಸಿ3, ಅಂದರೆ ನಾವು ಡಾಲ್ಬಿ ಡಿಜಿಟಲ್ ಅನ್ನುವುದು. ಸಾಮಾನ್ಯವಾಗಿ ಟಿವಿಗಳು ಅದನ್ನು ಓದುತ್ತವೆ. ಅಲ್ಲೇ ಇನ್ನೊಂದು ವಿಷಯವನ್ನೂ ಗಮನಿಸಿ. ಎರಡು ಮೂರು ಆಡಿಯೋ ಸಾಲುಗಳಿದ್ದು, ಅದರಲ್ಲಿ ಒಂದು `A52` ಅಥವಾ `AAC` ಆಗಿದ್ದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು. ಟಿವಿಯಲ್ಲಿ ಸಿನಿಮಾ ಓಡುವಾಗ ರಿಮೋಟ್‌ನಿಂದ ಆಡಿಯೋ ಟ್ರ್ಯಾಕ್ ಬದಲಿಸಿ, ದನಿ ಬರುತ್ತದೆ.

ಇರುವುದು ಡಿಟಿಎಸ್ ಒಂದೇ ಆದರೆ, ಎರಡು ದಾರಿ ಇವೆ. ನಿಮ್ಮದು ಗೂಗಲ್ ಟಿವಿ ಅಥವಾ ಆಂಡ್ರಾಯ್ಡ್ ಟಿವಿ ಆಗಿದ್ದರೆ ಪ್ಲೇ ಸ್ಟೋರ್‌ನಿಂದ ವಿಎಲ್‌ಸಿ ಹಾಕಿಕೊಂಡು ಅದರಲ್ಲೇ ಪೆನ್‌ಡ್ರೈವ್ ತೆರೆಯಿರಿ. ಅದರ ಸೆಟ್ಟಿಂಗ್‌ನಲ್ಲಿ ದನಿಯನ್ನು ಬಿಡಿಸದೆ ಹಾಗೇ ಹೊರಗೆ ಕಳಿಸುವ ಪಾಸ್‌ಥ್ರೂ ಆಯ್ಕೆ ಆಫ್ ಇರಬೇಕು. ಇಲ್ಲದಿದ್ದರೆ ವಿಎಲ್‌ಸಿ ಹಾಕಿಯೂ ಮೌನವೇ ಗತಿ.

ಬೇರೆ ಟಿವಿ ಆಗಿದ್ದರೆ, ಚಿತ್ರ ಮುಟ್ಟದೆ ದನಿಯನ್ನು ಮಾತ್ರ ಎಸಿ3ಗೆ ಬದಲಿಸಿ. ಲ್ಯಾಪ್‌ಟಾಪ್‌ನಲ್ಲಿ ಎಫ್‌ಎಫ್‌ಎಂಪೆಗ್ ಅನ್ನುವ ಕನ್ವರ್ಟರ್ ಇದ್ದರೆ, ಕಮಾಂಡ್ ವಿಂಡೋದಲ್ಲಿ ಒಂದೇ ಸಾಲು, `cinema.mkv` ಇರುವಲ್ಲಿ ನಿಮ್ಮ ಫೈಲಿನ ಹೆಸರು ಹಾಕಿ:

```
ffmpeg -i cinema.mkv -map 0 -c copy -c:a ac3 -b:a 640k cinema_tv.mkv
```

ಇದರಲ್ಲಿ `-map 0` ಎಲ್ಲ ಟ್ರ್ಯಾಕ್‌ಗಳನ್ನೂ ತೆಗೆದುಕೊ ಅನ್ನುತ್ತದೆ. ಅದನ್ನು ಬಿಟ್ಟರೆ ಎರಡನೇ ಭಾಷೆಯ ದನಿ ಹೊಸ ಫೈಲಿಗೆ ಬರುವುದಿಲ್ಲ. `-c copy` ಅಂದರೆ ಉಳಿದದ್ದು ಇದ್ದ ಹಾಗೇ ಇರಲಿ. 640 ಅನ್ನುವುದು ಎಸಿ3ಯ ಗರಿಷ್ಠ ಮಿತಿ, ಅದಕ್ಕಿಂತ ಹೆಚ್ಚು ಹಾಕಲು ಹೋಗಬೇಡಿ. 7.1 ದನಿ ಇದ್ದರೆ 5.1ಕ್ಕೆ ಇಳಿಯುತ್ತದೆ. ಟಿವಿಯ ಎರಡು ಸ್ಪೀಕರ್‌ನಲ್ಲಿ ಕೇಳುವವರಿಗೆ ಅದರಿಂದ ನಷ್ಟವೇನಿಲ್ಲ.

ನನ್ನ ತಂಗಿ ಮನೆಯಲ್ಲಿ ಇದೇ ಕಥೆ ಆಗಿತ್ತು. 2 ಗಂಟೆ 25 ನಿಮಿಷದ ಸಿನಿಮಾ, 8.2 ಜಿಬಿ ಫೈಲ್, ದನಿ 1509 ಕೆಬಿಪಿಎಸ್ ಡಿಟಿಎಸ್. ಭಾವ ಹಿಂದಿನ ರಾತ್ರಿ ಯಾವುದೋ ಕನ್ವರ್ಟರ್‌ಗೆ ಹಾಕಿ ಮಲಗಿದ್ದರು, ಬೆಳಗ್ಗೆ ನೋಡಿದರೆ ಇನ್ನೂ ಅರ್ಧ ಆಗಿತ್ತು. ಅದು ಚಿತ್ರವನ್ನೂ ಹೊಸದಾಗಿ ಎನ್‌ಕೋಡ್ ಮಾಡುತ್ತಿತ್ತು. ಸಮಯ ಹಾಳು, ಚಿತ್ರದ ಗುಣಮಟ್ಟವೂ ಹಾಳು. ಅದನ್ನು ನಿಲ್ಲಿಸಿ ಮೇಲಿನ ಸಾಲು ಹಾಕಿದೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಯಿತು. ಡಿಟಿಎಸ್ ದನಿ ಸುಮಾರು 1.6 ಜಿಬಿ ಇದ್ದದ್ದು ಎಸಿ3ಯಲ್ಲಿ 0.7 ಜಿಬಿ ಆಯಿತು, ಇಡೀ ಫೈಲ್ 7.3 ಜಿಬಿಗೆ ಇಳಿಯಿತು. ಆಮೇಲೆ ಅದನ್ನು ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಜಾಗ ಇಲ್ಲ ಅಂತ ತಗಾದೆ. 32 ಜಿಬಿ ಖಾಲಿ ಪೆನ್‌ಡ್ರೈವ್! ಅದು ಫ್ಯಾಟ್32, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದ ಮೇಲೆ ಹೋಯಿತು. ಫಾರ್ಮ್ಯಾಟ್ ಮಾಡುವ ಮುಂಚೆ ಅದರಲ್ಲಿದ್ದ ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ನನಗೆ ಬೈಯಬೇಡಿ. ಹೊಸ ಫೈಲ್ ಟಿವಿಯಲ್ಲಿ ಹತ್ತು ನಿಮಿಷ ಓಡಿಸಿ ನೋಡುವವರೆಗೆ ಮೂಲ ಫೈಲನ್ನೂ ಅಳಿಸಬೇಡಿ.

ಫೈಲ್ ಹೆಸರಲ್ಲಿ .mkv ತೆಗೆದು .mp4 ಅಂತ ಹಾಕಿದ್ರೆ ದನಿ ಬರುತ್ತೆ ಅಂತ ವಿಡಿಯೋ ನೋಡಿದೆ, ನಿಜಾನಾ?

ಸುಳ್ಳು. ಉಪ್ಪಿನ ಡಬ್ಬಿ ಮೇಲೆ ಸಕ್ಕರೆ ಅಂತ ಚೀಟಿ ಅಂಟಿಸಿ ಕಾಫಿ ಮಾಡಿ ನೋಡಿ.

ಚಿನ್ನದ ಲೇಪನದ ಎಚ್‌ಡಿಎಂಐ ಕೇಬಲ್ ತಗೊಂಡ್ರೆ ಪೆನ್‌ಡ್ರೈವ್ ಸಿನಿಮಾಗೆ ದನಿ ಬರುತ್ತೆ ಅಂತ ಅಂಗಡಿಯವರು ಹೇಳಿದ್ರು.

ಪೆನ್‌ಡ್ರೈವ್ ಚುಚ್ಚಿರುವುದು ಟಿವಿಗೇ. ಆ ಸಿನಿಮಾ ಎಚ್‌ಡಿಎಂಐ ಕೇಬಲ್ ಮೂಲಕ ಟಿವಿಗೆ ಬರುವುದೇ ಇಲ್ಲ.

ಡಿಟಿಎಸ್ ಇರೋ ಸೌಂಡ್‌ಬಾರ್ ಹಾಕಿದ್ರೆ ಸಮಸ್ಯೆ ತೀರುತ್ತಾ?

ಟಿವಿಯ ದನಿಯನ್ನು ಹೊರಗೆ ಕಳಿಸುವ ಎಆರ್‌ಸಿ ಅನ್ನುವ ಎಚ್‌ಡಿಎಂಐ ಕಿಂಡಿಗೆ ಹಾಕಿದರೆ ದನಿ ಮೊದಲು ಟಿವಿಯನ್ನು ದಾಟಿಯೇ ಬರಬೇಕು. ಡಿಟಿಎಸ್ ಕೈಬಿಟ್ಟ ಎಷ್ಟೋ ಟಿವಿಗಳು ಅದನ್ನು ಸೌಂಡ್‌ಬಾರ್‌ಗೂ ದಾಟಿಸುವುದಿಲ್ಲ. ಸಿನಿಮಾ ಓಡಿಸುವ ಬಾಕ್ಸನ್ನು ನೇರ ಸೌಂಡ್‌ಬಾರ್‌ಗೆ ಚುಚ್ಚಲು ಅದರಲ್ಲಿ ಎಚ್‌ಡಿಎಂಐ ಇನ್‌ಪುಟ್ ಇದೆಯಾ ನೋಡಿ. ಇಲ್ಲದಿದ್ದರೆ ಈ ಕಾರಣಕ್ಕಾಗಿ ದುಡ್ಡು ಹಾಕಬೇಡಿ.

ಟಿವಿಗೆ ಕೋಡೆಕ್ ಪ್ಯಾಕ್ ಡೌನ್‌ಲೋಡ್ ಮಾಡೋದು ಹೇಗೆ?

ಟಿವಿಗೆ ಅಂಥದ್ದೊಂದು ಇಲ್ಲ. ಹಾಗೆ ಹೇಳಿ ಕೊಡುವ ಫೈಲನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆಯಲೂ ಹೋಗಬೇಡಿ.