ಡ್ಯುಯಲ್ ಸಿಮ್ ಫೋನ್‌ನಲ್ಲಿ ಸಿಮ್ ವೆರಿಫಿಕೇಶನ್ ಫೇಲ್ ಆಗ್ತಿದೆ, ಯಾಕೆ?

ಪ್ರಶ್ನೆ: ಬ್ಯಾಂಕಿಗೆ ಕೊಟ್ಟಿರೋದು ನನ್ನ ಎರಡನೇ ಸಿಮ್ ನಂಬರ್. ಆ ನಂಬರಿಗೆ ಓಟಿಪಿ ಎಲ್ಲಾ ಬರುತ್ತೆ. ಆದ್ರೂ ಯುಪಿಐ ಆ್ಯಪ್ ಹಾಕಿದಾಗ ಸಿಮ್ ವೆರಿಫಿಕೇಶನ್ ಫೇಲ್ ಅನ್ನುತ್ತೆ. ಏನು ಮಾಡಲಿ?

ಓಟಿಪಿ ಬರುತ್ತಿದೆ ಅಂದರೆ ಆ ಸಿಮ್‌ಗೆ ಮೆಸೇಜ್ ಒಳಗೆ ಬರುತ್ತಿದೆ ಅಂತಷ್ಟೇ. ಯುಪಿಐಗೆ ಬೇಕಾಗಿರುವುದು ಹೊರಗೆ ಹೋಗುವ ಮೆಸೇಜ್.

ಆ್ಯಪ್ ನಿಮ್ಮ ಫೋನಿನಿಂದ ಒಂದು ಗುಪ್ತ ಸಂಕೇತವನ್ನು ಎಸ್ಸೆಮ್ಮೆಸ್ ಮಾಡುತ್ತದೆ. ಅದು ಯಾವ ನಂಬರಿನಿಂದ ಬಂತು ಅಂತ ಆ ಕಡೆಯ ಸರ್ವರ್ ನೋಡುತ್ತದೆ. ಸಂಕೇತ ಸರಿಯಿದ್ದರೆ ಆ ನಂಬರನ್ನೂ ನಿಮ್ಮ ಫೋನಿನ ಗುರುತನ್ನೂ ಸೇರಿಸಿ ಗಂಟು ಹಾಕುತ್ತದೆ. ಇದೇ ಡಿವೈಸ್ ಬೈಂಡಿಂಗ್. ಓಟಿಪಿಯನ್ನು ಫೋನಲ್ಲಿ ಕೇಳಿಕೊಂಡು ಬೇರೆಯವರು ಎಲ್ಲಿಂದಾದರೂ ಹಾಕಬಹುದು. ಮೆಸೇಜ್ ಕಳಿಸಬೇಕಾದರೆ ಸಿಮ್ ಅದೇ ಫೋನಿನಲ್ಲಿ ಇರಬೇಕು ಅಲ್ವಾ?

ಈಗ ನಿಮ್ಮ ಮೆಸೇಜ್ ಆ್ಯಪ್ ತೆರೆದು ಕಳಿಸಿದ ಮೆಸೇಜುಗಳನ್ನು ನೋಡಿ. ಆಂಡ್ರಾಯ್ಡ್ ಆದರೆ ಅರ್ಥವಿಲ್ಲದ ಅಕ್ಷರಗಳ ಉದ್ದ ಸಾಲೊಂದು ಯಾವುದೋ ಗೊತ್ತಿಲ್ಲದ ನಂಬರಿಗೆ ಹೋಗಿರುವುದು ಸಾಮಾನ್ಯವಾಗಿ ಅಲ್ಲಿ ಕಾಣುತ್ತದೆ. ಅದು ಮೊದಲನೇ ಸಿಮ್‌ನಿಂದ ಹೋಗಿದ್ದರೆ ಆ್ಯಪ್‌ನಲ್ಲಿ ಸರಿಯಾದ ಸಿಮ್ ಆರಿಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲೂ ಎಸ್ಸೆಮ್ಮೆಸ್‌ಗೆ ಅದೇ ಸಿಮ್ ಇಡಿ. 'ಕಳಿಸಲಾಗಿಲ್ಲ' ಅಂತ ಕೆಂಪಗೆ ಇದ್ದರೆ ಸಮಸ್ಯೆ ಹೆಚ್ಚಾಗಿ ರೀಚಾರ್ಜಿನದು. ಎರಡನೇ ಸಿಮ್ ಅಂದರೆ ಎಷ್ಟೋ ಜನ ಸುಮ್ನೆ ಜೀವಂತ ಇರಲಿ ಅಂತ ಕಡಿಮೆ ಪ್ಯಾಕ್ ಹಾಕಿರುತ್ತಾರೆ. ಒಳಬರುವುದು ನಡೆಯುತ್ತದೆ, ಹೊರಹೋಗುವುದು ನಿಂತಿರುತ್ತದೆ. ನನಗೆ ಜಾಸ್ತಿ ಅನುಮಾನ ಇದರ ಮೇಲೆಯೇ. ಏನೂ ಕಾಣದಿದ್ದರೆ ಆ್ಯಪ್‌ಗೆ ಎಸ್ಸೆಮ್ಮೆಸ್ ಅನುಮತಿ ಇದೆಯಾ ನೋಡಿ.

ಖಚಿತಪಡಿಸಿಕೊಳ್ಳಲು ಎರಡನೇ ಸಿಮ್‌ನಿಂದ ಮನೆಯವರ ಫೋನಿಗೆ ಒಂದು ಸಾಧಾರಣ ಎಸ್ಸೆಮ್ಮೆಸ್ ಹಾಕಿ. ವಾಟ್ಸಾಪ್ ಅಲ್ಲ, ಎಸ್ಸೆಮ್ಮೆಸ್. ಅದು ತಲುಪಿ, ಬ್ಯಾಂಕಿನಲ್ಲಿರುವ ನಂಬರೇ ಅಲ್ಲಿ ಕಂಡರೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಇನ್ನೊಮ್ಮೆ ಪ್ರಯತ್ನಿಸಿ. ಮೇಲಿಂದ ಮೇಲೆ ಒತ್ತಬೇಡಿ, ಕೆಲವು ಆ್ಯಪ್‌ಗಳು ಸ್ವಲ್ಪ ಹೊತ್ತು ಬಾಗಿಲು ಹಾಕಿಬಿಡುತ್ತವೆ.

ಈ ಗಡಿಬಿಡಿಯಲ್ಲಿ ಯಾರಾದರೂ 'ಕಸ್ಟಮರ್ ಕೇರ್' ಅಂತ ಫೋನ್ ಮಾಡಿ, ಒಂದು ಮೆಸೇಜ್ ಕಳಿಸಿ, ಅದನ್ನು ಇನ್ನೊಂದು ನಂಬರಿಗೆ ಫಾರ್ವರ್ಡ್ ಮಾಡಿ ಅಂದರೆ ಮಾಡಲೇಬೇಡಿ. ಅದು ಅವರ ಫೋನಿನ ಸಂಕೇತ. ನಿಮ್ಮ ಸಿಮ್‌ನಿಂದ ಹೋದರೆ ನಿಮ್ಮ ನಂಬರ್ ಅವರ ಫೋನಿಗೆ ಗಂಟು ಬೀಳುತ್ತದೆ. ಆಮೇಲೆ ಅವರಿಗೆ ಬೇಕಾಗಿರುವುದು ನಿಮ್ಮ ಯುಪಿಐ ಪಿನ್ ಒಂದೇ.

ಅಂದಹಾಗೆ, ಸಿಮ್ ಕಳೆದು ಅಥವಾ ಹಾಳಾಗಿ ಅದೇ ನಂಬರಿಗೆ ಹೊಸ ಸಿಮ್ ತೆಗೆದುಕೊಂಡಿದ್ದರೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ನಿಲ್ಲಿಸಿರುತ್ತಾರೆ. ಆಗ ಮಾರನೇ ದಿನದವರೆಗೆ ಕಾಯದೆ ಬೇರೆ ದಾರಿಯಿಲ್ಲ.