ಅಪ್ಪ ಕೊಡ್ತೀನಿ ಅಂದ್ರೂ ದಾನಪತ್ರದಲ್ಲಿ ಬರದ ತೋಟ: ಒಂದು ಓಸಿಐ ಪ್ರಕರಣ

ಹೆಸರು, ಊರು, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ. ನನ್ನ ಹತ್ರ ಸಲಹೆ ಕೇಳೋಕೆ ಬಂದವರನ್ನ ಇಲ್ಲಿ ರಘು ಅಂತ ಕರೀತೀನಿ, ಮಲೆನಾಡಿನ ಕಡೆಯವರು, ಇಪ್ಪತ್ತು ವರ್ಷದಿಂದ ಅಮೆರಿಕದಲ್ಲಿದಾರೆ, ಅಲ್ಲಿನ ಪೌರತ್ವ ತಗೊಂಡು, ಭಾರತ ಮೂಲದ ವಿದೇಶಿ ನಾಗರಿಕರಿಗೆ ಕೊಡೋ ಓಸಿಐ ಕಾರ್ಡ್ ಮಾಡಿಸ್ಕೊಂಡಿದಾರೆ. ಊರಲ್ಲಿ ಅಪ್ಪ, ಅಮ್ಮ, ತಮ್ಮ ಇದ್ದಾರೆ. ಅಪ್ಪ 1987ರಲ್ಲಿ ಸ್ವಂತ ದುಡ್ಡಲ್ಲಿ ತಗೊಂಡ 4 ಎಕರೆ ಅಡಿಕೆ ತೋಟ ಇದೆ.

ರಘು ಬಂದಾಗ ಕೈಯಲ್ಲಿ ಎರಡು ಕಾಗದ ಇತ್ತು. ಒಂದು, ಅಪ್ಪ 2 ಎಕರೆ ಇವರಿಗೆ ಕೊಡೋಕೆ ಬರೆಸಿದ ದಾನಪತ್ರದ ಡ್ರಾಫ್ಟು, ಇನ್ನೂ ರಿಜಿಸ್ಟರ್ ಆಗಿರಲಿಲ್ಲ. ಇನ್ನೊಂದು, ಪಕ್ಕದವರ ಒಂದೂವರೆ ಎಕರೆ ತೋಟಕ್ಕೆ ಮಾಡ್ಕೊಂಡ ಅಗ್ರಿಮೆಂಟು, ಅದಕ್ಕೆ 5 ಲಕ್ಷ ಅಡ್ವಾನ್ಸ್ ಕೊಟ್ಟಾಗಿತ್ತು. "ಮೇಡಂ, 2020ರಲ್ಲಿ ಕಾನೂನು ಬದಲಾಯ್ತಲ್ಲ, ಈಗ ಯಾರ್ ಬೇಕಾದ್ರೂ ಜಮೀನು ತಗೋಬಹುದು ಅಂತ ಬ್ರೋಕರ್ ಹೇಳಿದ್ರು, ಎರಡನ್ನೂ ಒಂದೇ ದಿನ ರಿಜಿಸ್ಟರ್ ಮಾಡಿಸ್ಬಿಡೋಣ ಅಂತ ರಜೆ ಹಾಕಿ ಬಂದಿದೀನಿ" ಅಂದ್ರು.

ಈ ಒಂದು ಮಾತೇ ಎಷ್ಟೋ ಜನರನ್ನ ದಾರಿ ತಪ್ಪಿಸ್ತಿದೆ. 2020ರಲ್ಲಿ ತೆಗೆದಿದ್ದು ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನ, ಅಂದ್ರೆ ಇಷ್ಟಕ್ಕಿಂತ ಜಾಸ್ತಿ ಆದಾಯ ಇರೋರು, ಕೃಷಿಕರಲ್ಲದೋರು ಜಮೀನು ತಗೋಬಾರದು ಅನ್ನೋ ರಾಜ್ಯದ ತಡೆ ಹೋಯ್ತು ಅಷ್ಟೆ. ಓಸಿಐ ಇರೋರಿಗೆ ಅಡ್ಡ ಇರೋದು ಕೇಂದ್ರದ ಫೆಮಾ, ಅಂದ್ರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅದರ 2019ರ ನಿಯಮಗಳು. ಅದರ ಪ್ರಕಾರ ಮನೆ, ಫ್ಲಾಟು, ಸೈಟು, ಅಂಗಡಿ ಮಳಿಗೆ ತಗೋಬಹುದು, ಆದ್ರೆ ಕೃಷಿ ಜಮೀನು, ಫಾರ್ಮ್ ಹೌಸು, ಪ್ಲಾಂಟೇಶನ್ ಈ ಮೂರನ್ನ ತಗೊಳ್ಳೋ ಹಾಗಿಲ್ಲ. ಕೇಂದ್ರ ಗೃಹ ಇಲಾಖೆ 2021ರ ಮಾರ್ಚ್ 4ರಂದು ಹೊರಡಿಸಿದ ಓಸಿಐ ಅಧಿಸೂಚನೆಯಲ್ಲೂ ಇದೇ ಮೂರನ್ನ ಬಿಟ್ಟೇ ಹಕ್ಕು ಕೊಟ್ಟಿರೋದು. ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡೇ ಹೊರಗಿರೋ ಎನ್‌ಆರ್‌ಐಗಳಿಗೂ ಫೆಮಾದ ಈ ತಡೆ ಇದೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ರಘು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ನಾನ್ ಓಡಾಡಿ ಬೆಳೆದ ತೋಟ ಮೇಡಂ, ಅಪ್ಪನೇ ಕೊಡ್ತಿದಾರೆ, ಕೊಳ್ತಿಲ್ವಲ್ಲ" ಅಂದ್ರು. ಆ ನೋವು ನಂಗೆ ಅರ್ಥ ಆಗುತ್ತೆ, ಆದ್ರೆ ನಿಯಮದಲ್ಲಿ ದಾನಕ್ಕೂ ಅದೇ ತಡೆ ಇದೆ. ಅಪ್ಪ ಪೇಟೆ ಮನೆನ ಮಗನಿಗೆ ದಾನ ಕೊಡಬಹುದು, ತೋಟನ ಕೊಡೋ ಹಾಗಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಯಾರೂ ಕೇಳದೇ ರಿಜಿಸ್ಟರ್ ಆಗ್ಬಿಡಬಹುದು, ಪಹಣಿಲಿ ಹೆಸರೂ ಬರಬಹುದು, ಆದ್ರೂ ಫೆಮಾ ಉಲ್ಲಂಘನೆ ಉಲ್ಲಂಘನೆನೇ. ಮುಂದೆ ಮಾರೋಕೆ ಹೋದಾಗ, ದುಡ್ಡು ಹೊರಗೆ ಕಳಿಸೋಕೆ ಬ್ಯಾಂಕಿಗೆ ಹೋದಾಗ, ಈ ಆಸ್ತಿ ನಿಮಗೆ ಹೇಗೆ ಬಂತು ಅನ್ನೋ ಪ್ರಶ್ನೆ ಬರುತ್ತೆ ಮತ್ತು ಅಲ್ಲಿ ಸಿಕ್ಕಾಕೊಳ್ತೀವಿ. ದಂಡ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು.

ಹಾಗಾದ್ರೆ ತೋಟ ಬರೋ ದಾರಿನೇ ಇಲ್ವಾ ಅಂದ್ರೆ, ಇದೆ. ವಾರಸುದಾರಿಕೆಯಿಂದ, ಅಂದ್ರೆ ಹಿರಿಯರು ತೀರಿಕೊಂಡ ಮೇಲೆ ಬಂದ್ರೆ ಓಸಿಐ ಇರೋರೂ ಕೃಷಿ ಜಮೀನು ಇಟ್ಕೋಬಹುದು. ಅದಕ್ಕೇ ನಾನು ಹೇಳಿದ್ದು, ದಾನಪತ್ರ ಬಿಡಿ, ಅಪ್ಪ ವಿಲ್ ಬರೀಲಿ. ಅವರ ಸ್ವಯಾರ್ಜಿತ ತೋಟ, ಬರೆಯೋ ಹಕ್ಕು ಅವರಿಗಿದೆ, ಯಾವ ಸರ್ವೆ ನಂಬರಲ್ಲಿ ಯಾವ ಭಾಗ ಯಾರಿಗೆ ಅಂತ ಚಕ್ಕುಬಂದಿ ಸಮೇತ ಬರೆದು, ಇಬ್ಬರು ಸಾಕ್ಷಿ ಹಾಕಿಸಿ, ಕಡ್ಡಾಯ ಇಲ್ದಿದ್ರೂ ರಿಜಿಸ್ಟರ್ ಮಾಡಿಸಿ ಅಂದೆ. ಅವರ ಕಾಲಾನಂತರ ಮರಣ ಪ್ರಮಾಣಪತ್ರ, ವಂಶವೃಕ್ಷ, ವಿಲ್ ಇಟ್ಟು ಖಾತೆ ಬದಲಾವಣೆಗೆ ಅರ್ಜಿ ಹಾಕಬೇಕು.

ಇದರ ಜೊತೆ ಇನ್ನೊಂದು ಮಾತೂ ಹೇಳಿದೆ. ತಮ್ಮ ಆಮೇಲೆ ಪ್ರೀತಿಯಿಂದ ತನ್ನ ಪಾಲಿನದ್ದೂ ಅಣ್ಣಂಗೇ ಇರ್ಲಿ ಅಂತ ಹಕ್ಕು ಬಿಡುಗಡೆ ಪತ್ರ ಬರೆಯೋಕೆ ಬಂದ್ರೆ ಒಪ್ಕೋಬೇಡಿ, ಅದು ಮತ್ತೆ ದಾನದ ಲೆಕ್ಕಕ್ಕೇ ಬರೋ ಅಪಾಯ ಇದೆ. ಇವರು ತಮ್ಮಂಗೆ ಬಿಟ್ಟುಕೊಡೋದಾದ್ರೆ ತೊಂದ್ರೆ ಇಲ್ಲ, ತಮ್ಮ ಇಲ್ಲೇ ಇರೋ ಭಾರತದ ನಾಗರಿಕ. ಮಾರೋದಾದ್ರೂ ಅಷ್ಟೆ, ವಾರಸಾಗಿ ಬಂದ ತೋಟನ ಭಾರತದಲ್ಲಿ ವಾಸ ಇರೋ ನಾಗರಿಕರಿಗೆ ಮಾತ್ರ ಮಾರಬೇಕು, ಹೊರದೇಶದಲ್ಲಿರೋ ಫ್ರೆಂಡಿಗೆ ಕೊಡೋ ಹಾಗಿಲ್ಲ. ಬಂದ ದುಡ್ಡು, ಹೊರದೇಶದಲ್ಲಿರೋರು ಇಲ್ಲಿನ ಆದಾಯ ಹಾಕೋಕೆ ಇಟ್ಕೊಳ್ಳೋ ಎನ್‌ಆರ್‌ಓ ಅಕೌಂಟಿಗೆ ಹೋಗುತ್ತೆ, ತೆರಿಗೆ ಕಟ್ಟಿ ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದು.

ಪಕ್ಕದ ತೋಟದ ವಿಷ್ಯಕ್ಕೆ ಬಂದಾಗ ರಘು "ಹಂಗಾದ್ರೆ ದುಡ್ಡು ನಂದು, ಹೆಸರು ತಮ್ಮಂದು, ಹಿಂದೆ ಒಂದು ಕಾಗದ ಬರೆಸ್ಕೊಂಡ್ರೆ?" ಅಂದ್ರು. ಈ ಪ್ರಶ್ನೆ ನನ್ನ ಮುಂದೆ ಪದೇ ಪದೇ ಬರುತ್ತೆ, ನಂಗೆ ನಿಜವಾಗ್ಲೂ ಭಯ ಆಗೋದು ಇಲ್ಲೇ. ಅದು ಬೇನಾಮಿ. ಅಣ್ಣತಮ್ಮಂದಿರ ಹೆಸರಲ್ಲಿ ತಗೊಂಡ್ರೆ ಬೇನಾಮಿ ಅಲ್ಲ ಅಂತ ಹೇಳ್ತಾರಲ್ಲ, ಆ ವಿನಾಯಿತಿ ಸಿಗೋಕೆ ಇಬ್ಬರ ಹೆಸರೂ ಪತ್ರದಲ್ಲಿ ಜಂಟಿಯಾಗಿ ಇರಬೇಕು, ಆದ್ರೆ ಇವರ ಹೆಸರು ಕೃಷಿ ಜಮೀನಿನ ಪತ್ರದಲ್ಲಿ ಬರೋ ಹಾಗೇ ಇಲ್ಲ. ಸಿಕ್ಕಿಬಿದ್ರೆ ಆಸ್ತಿ ಸರ್ಕಾರಕ್ಕೆ ಹೋಗುತ್ತೆ, 1ರಿಂದ 7 ವರ್ಷ ಜೈಲು, ಆಸ್ತಿ ಬೆಲೆಯ ಶೇ 25ರ ತನಕ ದಂಡ, ಅದೂ ತಮ್ಮನನ್ನೂ ಸೇರಿಸ್ಕೊಂಡೇ. ಸಿಕ್ಕಿಬೀಳದೇ ಇದ್ರೂ ನಾಳೆ ತಮ್ಮನ ಮಕ್ಕಳು ಇದು ನಮ್ಮಪ್ಪಂದು ಅಂದ್ರೆ ಆ ಹಿಂದಿನ ಕಾಗದ ಹಿಡ್ಕೊಂಡು ಕೋರ್ಟಿಗೆ ಹೋಗೋಕಾಗಲ್ಲ.

ತಮ್ಮಂಗೆ ದುಡ್ಡನ್ನ ನಿಜವಾಗಿ ಕೊಟ್ಟುಬಿಡೋದಾದ್ರೆ ಅದು ಬೇರೆ, ಬ್ಯಾಂಕಿನಿಂದಲೇ ಕಳಿಸಿ, ಉಡುಗೊರೆ ಅಂತ ಪತ್ರ ಮಾಡಿ, ಅಣ್ಣ ಕೊಟ್ಟಿದ್ದಕ್ಕೆ ತಮ್ಮಂಗೆ ತೆರಿಗೆನೂ ಇಲ್ಲ. ಆದ್ರೆ ಆಮೇಲೆ ತೋಟ ಪೂರ್ತಿ ತಮ್ಮಂದೇ, ಫಸಲೂ ಅವಂದೇ, ಮನಸಲ್ಲೂ ಹಾಗೇ ಅನ್ಕೊಂಡ್ರೆ ಮಾತ್ರ ಕೊಡಿ ಅಂದೆ. ಎರಡನೇ ಸಲ ತಮ್ಮನ್ನೂ ಕರೆಸಿ ಇಬ್ಬರನ್ನೂ ಕೂರಿಸಿ ಮಾತಾಡಿಸಿದೆ. ತಮ್ಮ "ಅಣ್ಣಯ್ಯ, ನಿನ್ ದುಡ್ಡಲ್ಲಿ ತಗೊಂಡು ದಿನಾ ನಿಂಗೆ ಲೆಕ್ಕ ಒಪ್ಪಿಸೋದು ನಂಗಾಗಲ್ಲ" ಅಂತ ನೇರವಾಗಿ ಹೇಳಿದ, ನಂಗೆ ಅದು ಒಳ್ಳೇದೇ ಅನ್ನಿಸ್ತು. ಅಗ್ರಿಮೆಂಟ್ ರದ್ದು ಮಾಡಿಸಿದ್ರು, ಪಕ್ಕದವರು 5 ಲಕ್ಷದಲ್ಲಿ 50 ಸಾವಿರ ಹಿಡ್ಕೊಂಡು ಉಳಿದಿದ್ದು ವಾಪಸ್ ಕೊಟ್ರು.

ಊರಲ್ಲಿ ನಂದೂ ಅಂತ ಒಂದು ಬೇಕು ಅನ್ನೋ ಆಸೆಗೆ ರಘು ಪೇಟೆಲಿ ಒಂದು ಸೈಟು ನೋಡಿದ್ರು. ಕಾಗದ ತರಿಸಿ ನೋಡಿದ್ರೆ ಅದು ಕಂದಾಯ ಸೈಟು, ಜಾಗದಲ್ಲಿ ಕಲ್ಲು ನೆಟ್ಟು ರಸ್ತೆ ಮಾಡಿದಾರೆ ಆದ್ರೆ ಪಹಣಿಲಿ ಇನ್ನೂ ಖುಷ್ಕಿ ಜಮೀನು. ಕೃಷಿಯೇತರ ಬಳಕೆಗೆ ಬದಲಾಯಿಸಿದ ಕನ್ವರ್ಷನ್ ಆರ್ಡರ್ ಇಲ್ದೇ ಇದ್ರೆ ಎಷ್ಟೇ ಸೈಟ್ ಅಂತ ಕರೆದ್ರೂ ಅದು ಕೃಷಿ ಜಮೀನೇ, ಬೆಂಗಳೂರ ಸುತ್ತ ಮಾವಿನ ಗಿಡ ನೆಟ್ಟು ಮಾರೋ ಫಾರ್ಮ್ ಪ್ಲಾಟುಗಳಲ್ಲೂ ಇದನ್ನೇ ಮೊದಲು ನೋಡಬೇಕು. ಅದನ್ನ ಬಿಡಿಸಿ ಕನ್ವರ್ಷನ್, ಲೇಔಟ್ ಅಪ್ರೂವಲ್, ಇ-ಖಾತಾ ಮೂರೂ ಇರೋ ಇನ್ನೊಂದು ಸೈಟು ತಗೊಂಡ್ರು, ದುಡ್ಡು ಪೂರ್ತಿ, ಹೊರಗಿನ ದುಡಿಮೆ ತಂದು ಹಾಕೋ ಎನ್‌ಆರ್‌ಇ ಅಕೌಂಟಿನಿಂದ ಕೊಟ್ರು, ಡಾಲರ್ ನೋಟು ಕೊಡೋ ಹಾಗಿಲ್ಲ ಅಂತಾನೂ ಹೇಳಿದ್ದೆ.

ಹೋದ ತಿಂಗಳು ಅಪ್ಪ ವಿಲ್ ರಿಜಿಸ್ಟರ್ ಮಾಡಿಸಿದ್ರು. ದಾನಪತ್ರಕ್ಕೆ ಅಂತ ತಂದಿದ್ದ ಸ್ಟಾಂಪ್ ಪೇಪರು ಇನ್ನೂ ನನ್ನ ಫೈಲಲ್ಲೇ ಇದೆ.