ಕಾಂಕ್ರೀಟ್ ಹೆಂಚೋ ಮಣ್ಣಿನ ಹೆಂಚೋ: ತೂಕ, ನೀರು, ಬಣ್ಣ

ಪ್ರಶ್ನೆ: ಹಳೇ ಮನೆಯ ಮಾಡಿಗೆ ಹೊಸ ಹೆಂಚು ಹಾಕಿಸಬೇಕು. ಕಾಂಕ್ರೀಟ್ ಹೆಂಚು ವಿಪರೀತ ಭಾರ ಅಂತಾರೆ, ಮಣ್ಣಿನ ಹೆಂಚು ನೀರು ಕುಡಿಯುತ್ತೆ ಅಂತಾರೆ. ಹತ್ತು ವರ್ಷ ಆದ್ಮೇಲೆ ಬಣ್ಣ ಯಾವುದರದ್ದು ಉಳಿಯುತ್ತೆ?

ನಾನು ಹೆಂಚು ಹೊದಿಸುವ ಕೆಲಸದಲ್ಲೇ ಇರುವವನು. ನಿಮಗೆ ಆ ಎರಡು ಮಾತು ಹೇಳಿದವರು ಸುಳ್ಳು ಹೇಳಿಲ್ಲ. ಆದರೆ ಭಾರವನ್ನೂ ನೀರನ್ನೂ ಬೇರೆ ಬೇರೆ ಲೆಕ್ಕ ಹಾಕಿದರೆ ದಾರಿ ತಪ್ಪುತ್ತೆ. ಮಳೆಯಲ್ಲಿ ಮಾಡು ಹೊರುವುದು ಒದ್ದೆ ಹೆಂಚನ್ನ.

ಒಂದು ಹೆಂಚನ್ನು ಕೈಯಲ್ಲಿ ಎತ್ತಿ ನೋಡಿ ತೀರ್ಮಾನ ಮಾಡಬೇಡಿ. ಕಾಂಕ್ರೀಟ್ ಹೆಂಚು ಒಂದೊಂದು ನಾಲ್ಕೂವರೆ ಕೆ.ಜಿ. ಆಸುಪಾಸು ಬರುತ್ತೆ, ಆದರೆ ದೊಡ್ಡದು. ಒಂದು ಚದರ ಮೀಟರಿಗೆ 10 ಸಾಕು. ಒಂದಕ್ಕೊಂದು ಕಚ್ಚಿಕೊಳ್ಳುವ ಮಣ್ಣಿನ ಹೆಂಚು ಎರಡೂವರೆ ಕೆ.ಜಿ. ಚಿಲ್ಲರೆ, ಆದರೆ ಅದೇ ಜಾಗಕ್ಕೆ 15 ಬೇಕು. ಕಾಂಕ್ರೀಟಿಗೆ 4.5, ಮಣ್ಣಿಗೆ 2.6 ಅಂತ ಹಿಡಿದರೆ ಚದರ ಮೀಟರಿಗೆ ಒಂದು ಕಡೆ 45 ಕೆ.ಜಿ., ಇನ್ನೊಂದು ಕಡೆ 39. ವ್ಯತ್ಯಾಸ ಇದೆ, ಆದರೆ ಜನ ಹೇಳುವ ಹಾಗೆ ದುಪ್ಪಟ್ಟಲ್ಲ. (ಚಪ್ಪಟೆಯ ಚಿಕ್ಕ ಮಣ್ಣಿನ ಹೆಂಚನ್ನು ಪದರದ ಮೇಲೆ ಪದರ ಹೊದಿಸುವ ಪದ್ಧತಿಯೂ ಇದೆ. ಅದಕ್ಕೆ ಚದರ ಮೀಟರಿಗೆ ಸುಮಾರು 60 ಬೇಕು, ಒಟ್ಟು ತೂಕ ಕಾಂಕ್ರೀಟನ್ನೂ ಮೀರುತ್ತೆ. ಹಾಗಾಗಿ ಮಣ್ಣು ಅಂದರೆ ಹಗುರ ಅಂತ ಕಣ್ಣುಮುಚ್ಚಿ ನಂಬಬೇಡಿ.)

ಈಗ ನೀರು. ಇದನ್ನು ನೀವೇ ಅಳೆಯಬಹುದು. ಅಂಗಡಿಯಿಂದ ಎರಡೂ ಬಗೆಯ ನಾಲ್ಕೈದು ಹೆಂಚು ತನ್ನಿ. ನಾಲ್ಕು ದಿನ ಚುರುಕು ಬಿಸಿಲಲ್ಲಿ ಒಣಗಿಸಿ, ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಆಮೇಲೆ ಪೂರ್ತಿ ಮುಳುಗುವ ಹಾಗೆ 24 ಗಂಟೆ ನೀರಲ್ಲಿಡಿ. ತೆಗೆದು, ಮೈಮೇಲಿನ ನೀರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ತೂಗಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ರಂಧ್ರದೊಳಗಿನ ನೀರೂ ಸ್ವಲ್ಪ ಬಂದುಬಿಡುತ್ತೆ. ಹೆಚ್ಚಾದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಹೀರಿಕೆ ಸಿಕ್ಕಿತು. ಪ್ರಯೋಗಾಲಯದಲ್ಲಿ ಒಲೆಯಲ್ಲಿಟ್ಟು ಒಣಗಿಸುತ್ತಾರೆ, ಅದು ಹೆಚ್ಚು ನಿಖರ. ಆದರೆ ಎರಡನ್ನು ಪಕ್ಕಪಕ್ಕ ಹೋಲಿಸಲು ಬಿಸಿಲೇ ಸಾಕು.

4.5 ಕೆ.ಜಿ.ಯ ಕಾಂಕ್ರೀಟ್ ಹೆಂಚು ನೆನೆದ ಮೇಲೆ 4.86 ತೂಗಿತು ಅಂತಿಟ್ಟುಕೊಳ್ಳಿ: 8%. 2.6 ಕೆ.ಜಿ.ಯ ಮಣ್ಣಿನದು 2.99 ಆಯಿತು: 15%. ಈಗ ಚದರ ಮೀಟರಿಗೆ ಮತ್ತೆ ಲೆಕ್ಕ ಹಾಕಿದರೆ ಕಾಂಕ್ರೀಟ್ 48.6, ಮಣ್ಣು ಸುಮಾರು 45. ಒಣಗಿದ್ದಾಗ ಇದ್ದ 6 ಕೆ.ಜಿ. ಅಂತರ ನಾಲ್ಕಕ್ಕಿಂತ ಕೆಳಗೆ ಇಳಿಯಿತು. ನೆಲದ ಅಳತೆಯಲ್ಲಿ 100 ಚದರ ಮೀಟರ್ ಇರುವ ಮನೆಗೆ 30 ಡಿಗ್ರಿ ಇಳಿಜಾರು ಇದ್ದರೆ ಮಾಡು ಸುಮಾರು 115 ಚದರ ಮೀಟರ್ ಆಗುತ್ತೆ. ಅಷ್ಟಕ್ಕೂ ಒಣ ಅಂತರ ಸುಮಾರು 690 ಕೆ.ಜಿ., ಪೂರ್ತಿ ನೆಂದಾಗ 430. ಇಳಿಜಾರಿನಲ್ಲಿ ನೀರು ಜಾರಿಹೋಗುವುದರಿಂದ ಹೆಂಚು ಬಕೆಟ್ಟಿನಲ್ಲಿ ನೆಂದಷ್ಟು ನೆನೆಯುವುದಿಲ್ಲ, ಹಾಗಾಗಿ ನಿಜವಾದದ್ದು ಈ ಎರಡರ ನಡುವೆ ಎಲ್ಲೋ ಇರುತ್ತೆ.

ಹೀರಿಕೆ ಜಾಸ್ತಿ ಅಂದರೆ ಸೋರುತ್ತೆ ಅಂತಲ್ಲ, ಇದೊಂದು ಗೊಂದಲ ಎಲ್ಲರಿಗೂ ಇದೆ. ಹೆಂಚು ನೀರು ಕುಡಿದು, ಅಡಿಭಾಗ ಕಪ್ಪಗೆ ತೇವವಾಗಿ, ಮಳೆ ನಿಂತ ಮೇಲೆ ಒಣಗಿಹೋಗಬಹುದು. ಅಡಿಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕಿದರೆ ಮಾತ್ರ ಹೆಂಚಿನ ದೋಷ. ಮನೆ ಸೋರುವುದು ಬಹುಪಾಲು ಒಡೆದ ಹೆಂಚಿನಿಂದ, ಕಡಿಮೆ ಇಳಿಜಾರಿನಿಂದ, ಮೂಲೆಗಳಲ್ಲಿ ಮಾಡಿದ ತೇಪೆ ಕೆಲಸದಿಂದ. ಹೀರಿಕೆ ನಿಜಕ್ಕೂ ಕಾಡುವುದು ಹಿಮ ಬೀಳುವ ಕಡೆ: ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ, ಹೆಂಚಿನ ಮೇಲ್ಮೈ ಚಕ್ಕೆ ಚಕ್ಕೆಯಾಗಿ ಏಳುತ್ತೆ. ಹಿಮ ಇಲ್ಲದ ಕಡೆ ಅದರ ಫಲ ಪಾಚಿ, ಅಷ್ಟೆ.

ಮಣ್ಣಿನ ಹೆಂಚು ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಚೆನ್ನಾಗಿ ಬೆಂದದ್ದು ಠಣ್ ಅನ್ನುತ್ತೆ. ಥಪ್ ಅಂದರೆ ಒಂದೋ ಅರೆಬೆಂದದ್ದು, ಇಲ್ಲ ಕಣ್ಣಿಗೆ ಕಾಣದ ಬಿರುಕು. ಅರೆಬೆಂದದ್ದೇ ನೀರು ಕುಡಿಯುವ ಕುಳ.

ಇನ್ನು ಬಣ್ಣ. ಮಣ್ಣಿನ ಹೆಂಚಿನ ಕೆಂಪು, ಮಣ್ಣಿನೊಳಗಿನ ಕಬ್ಬಿಣದ ಅಂಶ ಗೂಡಿನ ಬೆಂಕಿಯಲ್ಲಿ ಆಕ್ಸೈಡ್ ಆಗಿ ಬಂದದ್ದು. ಒಡೆದು ನೋಡಿದರೆ ಒಳಗೂ ಕೆಂಪೇ. ಬಿಸಿಲಿಗೆ ಅದು ಮಾಸುವುದಿಲ್ಲ. ಮೇಲೆ ಪಾಚಿ, ಧೂಳು ಕೂತು ಕಪ್ಪಾಗುತ್ತೆ. ಕಾಂಕ್ರೀಟ್ ಹೆಂಚಿನ ಕೆಂಪು ಪುಡಿಯೂ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡೇ, ಅದಕ್ಕೂ ಬಿಸಿಲು ಏನೂ ಮಾಡುವುದಿಲ್ಲ. ಆದರೂ ಕಾಂಕ್ರೀಟ್ ಮಾಸಿದ ಹಾಗೆ ಕಾಣುತ್ತಲ್ಲ ಅಂದರೆ, ಆ ಪುಡಿಯನ್ನು ಹಿಡಿದಿಟ್ಟ ಸಿಮೆಂಟಿನ ತೆಳು ಪೊರೆ ಮಳೆಗೆ ಸವೆಯುತ್ತೆ. ಒಳಗಿನ ಮರಳಿನ ಕಾಳು ಹೊರಗೆ ಬರುತ್ತೆ, ದೂರದಿಂದ ನೋಡಿದರೆ ಬೂದು.

ಹಳೆ ಕಾಂಕ್ರೀಟ್ ಹೆಂಚು ಬಣ್ಣ ಕಳಕೊಂಡಿದೆಯೋ ಇಲ್ಲವೋ ಅಂತ ತಿಳಿಯಲು ಅದರ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಒದ್ದೆಯಾದಾಗ ಬಣ್ಣ ಗಾಢವಾಗಿ ಮರಳಿ ಬಂದು, ಒಣಗಿದಾಗ ಮತ್ತೆ ಬೆಳ್ಳಗಾದರೆ ಬಣ್ಣ ಒಳಗೇ ಇದೆ, ಮೇಲೆ ಸುಣ್ಣದ ಬಿಳಿಚು ಕೂತಿದೆ. ಸಿಮೆಂಟಿನೊಳಗಿನ ಸುಣ್ಣ ನೀರಿನೊಡನೆ ಹೊರಬಂದು ಗಾಳಿಗೆ ಗಟ್ಟಿಯಾದದ್ದು ಅದು. ಹೊಸದರಲ್ಲೇ ಹೆಚ್ಚು, ಕಾಲಕ್ರಮೇಣ ಮಳೆಯೇ ತೊಳೆದು ಹಾಕುತ್ತೆ. ಒದ್ದೆಯಾದರೂ ಬೂದೇ ಉಳಿದು, ಬೆರಳಾಡಿಸಿದಾಗ ಮರಳುಕಾಗದದ ಹಾಗೆ ತರತರ ಅಂದರೆ ಬಣ್ಣದ ಪದರ ಹೋಗಿದೆ. ಆಗ ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ, ಅದೂ ಕೆಲವು ವರ್ಷಕ್ಕೆ ಪುನಃ ಕೆಲಸ ಕೇಳುತ್ತೆ. ಜೋರು ಒತ್ತಡದ ನೀರಿನ ಪೈಪಿನಿಂದ ತೊಳೆಸಿದರೆ ಈ ಸವೆತವನ್ನು ನೀವೇ ಬೇಗ ತಂದುಕೊಂಡ ಹಾಗೆ. ಕೊಳ್ಳುವ ಮುಂಚೆ ಒಂದು ಹೆಂಚು ಕತ್ತರಿಸಿ ತೋರಿಸಲು ಹೇಳಿ. ಅಂಚಿನಲ್ಲಿ ಪೂರ್ತಿ ಬಣ್ಣ ಇದ್ದರೆ ಸವೆದರೂ ತಡೆಯುತ್ತೆ, ಮೇಲೆ ಮಾತ್ರ ಗೆರೆಯಷ್ಟು ಬಣ್ಣ ಇದ್ದರೆ ತಡೆಯುವುದಿಲ್ಲ. ಲೇಪನ ಕೊಟ್ಟ ಮಣ್ಣಿನ ಹೆಂಚಿಗೂ ಇದೇ ಪರೀಕ್ಷೆ ಮಾಡಿ.

ನಿಮ್ಮದು ಹಳೇ ಮಾಡು ಅಂದಿರಲ್ಲ, ನನ್ನ ಆತಂಕ ಅಲ್ಲೇ. ಶುರುವಿನ ವರ್ಷಗಳಲ್ಲಿ ನಾನೊಂದು ತಪ್ಪು ಮಾಡಿದ್ದೆ. ಹಳೆಯ ಮಾಡಿನಲ್ಲಿ ಇದ್ದದ್ದು ಎರಡು ಕಾಲು ಕೆ.ಜಿ.ಯ ಮಣ್ಣಿನ ಹೆಂಚು, ಅಂದರೆ ಚದರ ಮೀಟರಿಗೆ 34 ಕೆ.ಜಿ.ಯೂ ಇಲ್ಲ. ಅದನ್ನಿಳಿಸಿ ಅದೇ ಪಕಾಸುಗಳ ಮೇಲೆ ಕಾಂಕ್ರೀಟ್ ಹೊದಿಸಿದೆ. ಮೂರು ಮಳೆಗಾಲ ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ ಮನೆಯವರು ಕರೆದರು. ಸೂರಿಗೆ ಸಮಾಂತರವಾಗಿ ದಾರ ಕಟ್ಟಿ ನೋಡಿದರೆ ಮಾಡಿನ ನಡುಭಾಗ ಎರಡು ಬೆರಳಿನಷ್ಟು ಕುಸಿದಿತ್ತು, ಹೆಂಚಿನ ಕೊಕ್ಕೆಗಳು ಬಾಯಿಬಿಟ್ಟಿದ್ದವು. ಮರ ಮುರಿದಿರಲಿಲ್ಲ, ಹೆಚ್ಚಾದ ಮೂರನೇ ಒಂದು ಪಾಲು ಭಾರವನ್ನು ವರ್ಷಗಟ್ಟಲೆ ಹೊತ್ತು ನಿಧಾನಕ್ಕೆ ಬಾಗಿತ್ತು. ನಡುವೆ ತೊಲೆ ಕೊಟ್ಟು ನನ್ನ ಕೈಯಿಂದಲೇ ಸರಿಮಾಡಿಸಿದೆ.

ಹಾಗಾಗಿ ಮೊದಲು ಈಗಿರುವ ನಾಲ್ಕು ಹೆಂಚು ಇಳಿಸಿ ತೂಗಿಸಿ. ಹೊಸದರ ಚದರ ಮೀಟರ್ ತೂಕ ಅದಕ್ಕಿಂತ ಸ್ವಲ್ಪವೇ ಹೆಚ್ಚಿದ್ದರೆ ಎಂಜಿನಿಯರಿಗೆ ಒಮ್ಮೆ ತೋರಿಸಿ ಮುಂದುವರಿಯಿರಿ. ಹತ್ತು ಕೆ.ಜಿ.ಯಷ್ಟು ಜಾಸ್ತಿಯಿದ್ದರೆ ಪಕಾಸು ಬಲಪಡಿಸದೆ ಕಾಂಕ್ರೀಟ್ ಬೇಡ. ಎರಡರ ರೀಪಿನ ಅಂತರವೂ ಬೇರೆ, ರೀಪು ಕಿತ್ತು ಹೊಸದಾಗಿ ಹೊಡೆಯುವ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿ. ನನ್ನನ್ನು ಕೇಳಿದರೆ ಹಳೇ ಮರದ ಮಾಡಿಗೆ ಚೆನ್ನಾಗಿ ಬೆಂದ ಮಣ್ಣಿನದೇ ಹಾಕಿಸಿ, ಎರಡು ವರ್ಷಕ್ಕೊಮ್ಮೆ ಮೆತ್ತನೆ ಬ್ರಷ್‌ನಲ್ಲಿ ಪಾಚಿ ಉಜ್ಜಿಸಿ. ಉಜ್ಜಿದ ದಿನ ಮೊದಲಿನ ಕೆಂಪು ಹಾಗೇ ಕೆಳಗಿರುತ್ತೆ.